36 ದಿನದ ಬಿಟ್ಟಿ: ತೆರಿಗೆ ಹಂಚಿಕೆಯನ್ನು ನೋಜಿಕ್ ಯಾಕೆ ಒಪ್ಪಲಿಲ್ಲ?

ನಮ್ಮ ಅಣ್ಣನ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಜಾತ್ರೆಗೆಂದು ಊರಿಗೆ ಬಂದವನು ಕಟ್ಟೆ ಮೇಲೆ ಕೂತು ಫೋನಿನಲ್ಲಿ ಫಾರ್ಮ್ 16 ತೆಗೆದು ತೋರಿಸಿದ. "ನೋಡ್ರಿ ಕಾಕಾ, ಎರಡು ಲಕ್ಷದ ಎಂಟು ಸಾವಿರ ಟ್ಯಾಕ್ಸ್. ದುಡಿಯೋದು ನಾವು, ಇವ್ರು ಬಿಟ್ಟಿ ಹಂಚ್ತಾರ."

ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮ ಅವ್ವನ ಕಿವಿಗೆ ಬಿದ್ದದ್ದು ಒಂದೇ ಪದ. "ಬಿಟ್ಟಿ ಅಂದ್ರ ಏನಂತ ನಿಮ್ಮ ಮುತ್ಯಾನ ಅಪ್ಪನ್ನ ಕೇಳಬೇಕಿತ್ತು ತಮ್ಮಾ. ಸುಗ್ಗಿ ಬಂತಂದ್ರ ತನ್ನ ಹೊಲ ಬಿಟ್ಟು ಮೊದಲು ವಾಡೇದ ಕೆಲಸಕ್ಕ ಹೋಗಬೇಕಿತ್ತು. ಕೂಲಿ ಇಲ್ಲ, ಏನಿಲ್ಲ."

ಇಬ್ಬರೂ ಒಂದೇ ಪದ ಹೇಳಿದರು, ಅರ್ಥ ಮಾತ್ರ ಬೇರೆ ಬೇರೆ. ಹುಡುಗನಿಗೆ ಬಿಟ್ಟಿ ಅಂದರೆ ದುಡಿಯದೆ ಸಿಗುವುದು. ಅವ್ವನಿಗೆ ಅದು ಸಂಬಳವಿಲ್ಲದೆ ಮಾಡಿಸಿಕೊಳ್ಳುವ ಕೆಲಸ. ಹಳೆಯದು ಅವ್ವನ ಅರ್ಥವೇ. ಸಂಸ್ಕೃತದ ವಿಷ್ಟಿ ಕನ್ನಡಕ್ಕೆ ಬಂದು ಬಿಟ್ಟಿ ಆಯಿತು. ಆಳುವವರು ಜನರಿಂದ ಹಣದ ಬದಲು ದುಡಿತವನ್ನೇ ವಸೂಲಿ ಮಾಡುವ ಪದ್ಧತಿಗೆ ಇದ್ದ ಹೆಸರು ಅದು.

ಅಮೆರಿಕದ ಒಬ್ಬ ತತ್ವಶಾಸ್ತ್ರಜ್ಞ ಈ ಎರಡು ಅರ್ಥಗಳನ್ನು ಒಂದೇ ದಾರದಲ್ಲಿ ಕಟ್ಟಿದ. ರಾಬರ್ಟ್ ನೋಜಿಕ್, ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದವನು. ದುಡಿಮೆಯ ಗಳಿಕೆ ಮೇಲೆ ಹಾಕುವ ತೆರಿಗೆಯೂ ಬಿಟ್ಟಿ ಚಾಕರಿಯೂ ಒಂದೇ ಸಾಲಿನವು ಅಂತ 1974ರ ತನ್ನ ಪುಸ್ತಕದಲ್ಲಿ ಬರೆದ. ಕನ್ನಡ ಬಂದಿದ್ದರೆ ಅವನು ಅಷ್ಟು ಪುಟ ಬರೆಯಬೇಕಿರಲಿಲ್ಲ, ಬಿಟ್ಟಿ ಹಂಚಲು ಬಿಟ್ಟಿ ಮಾಡಿಸುತ್ತಾರೆ ಅಂದಿದ್ದರೆ ಮುಗಿಯುತ್ತಿತ್ತು. ಗ್ಯಾರಂಟಿ ಯೋಜನೆಗಳ ಬಗ್ಗೆ ಚಹಾದಂಗಡಿಯಲ್ಲಿ ನಡೆಯುವ ಜಗಳದಲ್ಲಿ ಕೇಳಿಬರುವ "ನನ್ನ ಟ್ಯಾಕ್ಸ್ ದುಡ್ಡು" ಅನ್ನುವ ಸಿಟ್ಟಿಗೆ ಇಷ್ಟು ಗಟ್ಟಿಯಾದ ವಾದವನ್ನು ಬೇರೆ ಯಾರೂ ಕಟ್ಟಿಕೊಟ್ಟಿಲ್ಲ ಅಂತ ನನಗೆ ಅನಿಸುತ್ತದೆ. ಆ ವಾದ ಎಲ್ಲಿ ತಾನೇ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದನ್ನೂ ನೋಡಬೇಕು. ನಮ್ಮ ಕಡೆಯ ಹೊಲದ ಕಾಗದ ಹಿಡಿದು ನೋಡಿದರೆ ಅದು ಬೇಗ ಕಾಣುತ್ತದೆ.

ಮೊದಲು ಹುಡುಗನ ಲೆಕ್ಕ. ಅವನ ವರ್ಷದ ಸಂಬಳ 20 ಲಕ್ಷ 75 ಸಾವಿರ. 2025-26ರ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೆ 20 ಲಕ್ಷ ಉಳಿಯುತ್ತದೆ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲಿನ ಒಂದೊಂದು 4 ಲಕ್ಷಕ್ಕೂ ದರ ಶೇ 5, 10, 15, 20 ಅಂತ ಏರುತ್ತದೆ. ಎಲ್ಲಾ ಕೂಡಿದರೆ 2 ಲಕ್ಷ, ಅದರ ಮೇಲೆ ಶೇ 4 ಸೆಸ್ಸು 8 ಸಾವಿರ. ಒಟ್ಟು ಸಂಬಳಕ್ಕೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು. ದಿನಕ್ಕೆ ಲೆಕ್ಕ ಹಾಕಿದರೆ ವರ್ಷದ 365ರಲ್ಲಿ 36 ದಿನ.

ನೋಜಿಕ್ ಕೇಳುವುದು ಇಷ್ಟು. ಆ 36 ದಿನ ಹುಡುಗ ಯಾರಿಗಾಗಿ ದುಡಿದ? ಅವನ ಒಪ್ಪಿಗೆ ಕೇಳಿದವರು ಯಾರು? ದುಡ್ಡು ತೆಗೆದುಕೊಳ್ಳುವ ಬದಲು "ವರ್ಷಕ್ಕೆ 36 ದಿನ ಬಂದು ಬಡವರ ಮನೆಗೆ ಸುಣ್ಣ ಬಳಿ" ಅಂತ ನೋಟಿಸು ಕೊಟ್ಟಿದ್ದರೆ ಎಲ್ಲರೂ ಅದನ್ನು ಬಿಟ್ಟಿ ಅನ್ನುತ್ತಿದ್ದರು. ನಮ್ಮ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 36 ದಿನದ ಕೆಲಸ ತಗೊಳ್ಳುವುದು ತಪ್ಪಾದರೆ, 36 ದಿನದ ಕೆಲಸದ ಫಲ ತಗೊಳ್ಳುವುದು ಹೇಗೆ ಸರಿ?

"ಬೇಡ ಅಂದರೆ ಕಡಿಮೆ ದುಡಿಯಲಿ, ಯಾರು ಕಟ್ಟಿಹಾಕಿದ್ದಾರೆ" ಅಂತ ಇದಕ್ಕೆ ಕೂಡಲೇ ಹೇಳಬಹುದು. ಅದಕ್ಕೂ ಅವನ ಹತ್ತಿರ ಉತ್ತರವಿದೆ, ಪುಸ್ತಕದ ಚಂದದ ಜಾಗಗಳಲ್ಲಿ ಅದೂ ಒಂದು. ಇಬ್ಬರು ಗೆಳೆಯರು ಇದ್ದಾರೆ ಅಂದುಕೊಳ್ಳಿ. ಒಬ್ಬನಿಗೆ ಸಂಜೆ ಹೊಳೆದಂಡೆಗೆ ಕೂತು ಸೂರ್ಯ ಮುಳುಗುವುದನ್ನು ನೋಡಿದರೆ ಸಾಕು, ಅದಕ್ಕೆ ಬಿಡಿಗಾಸು ಬೇಡ. ಇನ್ನೊಬ್ಬನಿಗೆ ಸಿನಿಮಾ ಹುಚ್ಚು. ಟಿಕೆಟ್ಟಿಗಾಗಿ ಎರಡು ತಾಸು ಜಾಸ್ತಿ ದುಡಿಯುತ್ತಾನೆ. ತೆರಿಗೆ ಬೀಳುವುದು ಸಿನಿಮಾದವನ ಮೇಲೆ ಮಾತ್ರ. ಹೊಳೆದಂಡೆಯವನ ಬಿಡುವನ್ನು ಕಿತ್ತು ಬಡವರಿಗೆ ಕೆಲಸ ಮಾಡಿಸುವುದು ಅನ್ಯಾಯವಾದರೆ, ಸಿನಿಮಾದವನ ಗಳಿಕೆ ಕೀಳುವುದು ಮಾತ್ರ ಯಾಕೆ ನ್ಯಾಯ? ಇಬ್ಬರೂ ತಮಗೆ ಸುಖ ಕೊಡುವುದನ್ನೇ ಆರಿಸಿಕೊಂಡಿದ್ದಾರೆ. ಒಬ್ಬನ ಸುಖಕ್ಕೆ ದುಡ್ಡು ಬೇಕಾಯಿತು, ಅಷ್ಟೇ ಅವನ ತಪ್ಪು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನೋಜಿಕ್ ಸರ್ಕಾರವೇ ಬೇಡ ಅನ್ನಲಿಲ್ಲ. ಪೊಲೀಸು, ಕೋರ್ಟು, ಗಡಿ ಕಾಯುವುದು, ಮೋಸ ತಡೆಯುವುದು, ಒಪ್ಪಂದ ನಡೆಸಿಕೊಡುವುದು, ಇಷ್ಟು ಮಾಡುವ ಕಾವಲುಗಾರ ಸರ್ಕಾರ ಅವನಿಗೆ ಸಾಕು. ಅವನ ತಕರಾರು ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಕೊಡುವ ತೆರಿಗೆಯ ಬಗ್ಗೆ. ಹಂಗಂತ ಬಡವರಿಗೆ ಕೊಡಬೇಡಿ ಅಂತಲೂ ಅವನು ಹೇಳಿಲ್ಲ. ನೀವಾಗಿ ಕೊಡಿ, ಕಸಿದು ಕೊಡಬೇಡಿ ಅಂದ.

ಇನ್ನು ಕುಸ್ತಿಗೆ ಬರೋಣ. ನೋಜಿಕ್ ಕೊಟ್ಟ ಉದಾಹರಣೆ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್‌ನದು. ನಮ್ಮ ಕಡೆ ಅದನ್ನು ಜಾತ್ರೆಯ ಕಣದಲ್ಲಿ ಇಟ್ಟು ಹೇಳಿದರೆ ಬೇಗ ಹತ್ತುತ್ತದೆ.

ಒಂದು ಊರಿನಲ್ಲಿ ಐದು ಸಾವಿರ ಜನ. ನೀವು ಸಮಾನತೆಯ ಕಡೆಯವರು. ನಿಮಗೆ ಸರಿ ಅನಿಸಿದಂತೆ ಊರಿನ ದುಡ್ಡನ್ನು ಹಂಚಿದಿರಿ, ತಲೆಗೆ 500 ರೂಪಾಯಿ. ಪೂರ್ತಿ ನ್ಯಾಯದ ಹಂಚಿಕೆ, ಅದಕ್ಕೆ ನೀವೇ ಸಾಕ್ಷಿ. ಈಗ ಜಾತ್ರೆ ಬಂತು. ಬೆಳಗಾವಿ ಕಡೆಯ ಹೆಸರಾದ ಒಬ್ಬ ಪೈಲ್ವಾನ ಕಣಕ್ಕೆ ಇಳಿಯಲು ಒಂದು ಷರತ್ತು ಹಾಕುತ್ತಾನೆ. ಬಾಗಿಲಲ್ಲಿ ನನ್ನ ಹೆಸರಿನ ಒಂದು ಡಬ್ಬಿ ಇಡಿ, ನೋಡಲು ಬಂದವರು ತಲೆಗೆ 20 ರೂಪಾಯಿ ಅದರಲ್ಲಿ ಹಾಕಲಿ. ಹಲಗೆ ಬಡಿಯುತ್ತದೆ, ಕೆಂಪು ಮಣ್ಣು ಹಾರುತ್ತದೆ, ವಸ್ತಾದರು ಜೋಡಿ ಹಚ್ಚುತ್ತಾರೆ, ಜನ ಖುಷಿಯಿಂದ ಹಾಕುತ್ತಾರೆ. ರಾತ್ರಿ ಡಬ್ಬಿ ಒಡೆದರೆ ಹತ್ತಿರ ಹತ್ತಿರ ಒಂದು ಲಕ್ಷ. ಬೆಳಿಗ್ಗೆ ಏಳುವಷ್ಟರಲ್ಲಿ ನೋಡಲು ಬಂದವರ ಹತ್ತಿರ 480, ಒಬ್ಬನ ಹತ್ತಿರ ಲಕ್ಷದಷ್ಟು. ನಿಮ್ಮ ಸಮಾನತೆ ಒಂದೇ ರಾತ್ರಿಯಲ್ಲಿ ಹೋಯಿತು.

ಅನ್ಯಾಯ ಯಾರಿಗಾಯಿತು? ಮೊದಲ ಹಂಚಿಕೆ ನ್ಯಾಯದ್ದು ಅಂತ ನೀವೇ ಒಪ್ಪಿದ್ದಿರಿ. 20 ರೂಪಾಯಿ ಕೊಟ್ಟವನು ತನ್ನದನ್ನೇ ಕೊಟ್ಟ, ಒಲ್ಲೆ ಅಂದವನು ಮನೆಯಲ್ಲಿ ಮಲಗಿದ. ಪೈಲ್ವಾನನ ಲಕ್ಷದಲ್ಲಿ ಒಂದು ರೂಪಾಯಿಯೂ ಕದ್ದದ್ದಲ್ಲ. ಈಗ ಹಳೆಯ ಸಮಾನತೆ ವಾಪಸ್ ಬೇಕಂದರೆ ದಾರಿ ಎರಡೇ. ಡಬ್ಬಿಗೆ ದುಡ್ಡು ಹಾಕದಂತೆ ಜನರನ್ನು ತಡೆಯಬೇಕು, ಇಲ್ಲವೇ ಜಾತ್ರೆ ಮುಗಿದ ಮೇಲೆಲ್ಲ ಪೈಲ್ವಾನನ ಮನೆಗೆ ಹೋಗಿ ಡಬ್ಬಿ ಖಾಲಿ ಮಾಡಿಸಬೇಕು. ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಜನ ಕೊಡು-ಕೊಳ್ಳು ಮಾಡುತ್ತಿರುವವರೆಗೆ ಯಾವ ಅಳತೆಯ ಹಂಚಿಕೆಯೂ ನಿಲ್ಲದು. ಅದನ್ನು ನಿಲ್ಲಿಸಲು ಯಾರಾದರೂ ದಿನಾ ಬೆಳಿಗ್ಗೆ ಬಾಗಿಲು ಬಡಿಯಲೇಬೇಕು.

ಈ ವಾದವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ನ್ಯಾಯ ಅಂದರೆ ಏನು ಅಂತ ಕೇಳಿದಾಗ ಎಷ್ಟೋ ಜನ ಒಂದು ಫೋಟೊ ನೋಡಿ ಹೇಳುತ್ತಾರೆ. ಯಾರ ಹತ್ತಿರ ಎಷ್ಟಿದೆ, ಅಂತರ ಎಷ್ಟು, ಕೆಳಗಿನವನ ಸ್ಥಿತಿ ಹೇಗಿದೆ ಅಂತ. ಮೂರು ವರ್ಷ ಮೊದಲು, 1971ರಲ್ಲಿ, ಅದೇ ಹಾರ್ವರ್ಡ್‌ನ ಜಾನ್ ರಾಲ್ಸ್ ಅಂತರ ಇರಲಿ, ಆದರೆ ಅದು ಎಲ್ಲರಿಗಿಂತ ಕೆಳಗಿರುವವನಿಗೂ ಲಾಭವಾಗುವಂತೆ ಇರಲಿ ಅಂದಿದ್ದ. ನೋಜಿಕ್ ಫೋಟೊ ನೋಡುವುದಿಲ್ಲ. ಅವನು ಉತಾರ, ಅಂದರೆ ಹೊಲದ ಪಹಣಿ ಕೇಳುತ್ತಾನೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ಖರೀದಿ ಮಾಡುವ ಮೊದಲು ಯಾರೂ "ಈ ಮನುಷ್ಯನಿಗೆ ಹತ್ತೆಕರೆ ಇರುವುದು ಸರಿಯೋ ತಪ್ಪೋ" ಅಂತ ಕೇಳುವುದಿಲ್ಲ. ಹೆಸರು ಹೇಗೆ ಬಂತು ಅಂತ ಕೇಳುತ್ತಾರೆ. ವಾರಸಾದಿಂದ ಬಂತಾ, ಖರೀದಿಯಾ, ಮನೆಯವರು ಪಾಲು ಮಾಡಿಕೊಂಡ ವಾಟ್ನಿಯಾ? ಹಿಂದಿನವನಿಗೆ ಹೇಗೆ ಬಂದಿತ್ತು? ಪ್ರತಿ ಕೊಂಡಿ ಸರಿ ಇದ್ದರೆ ಹೊಲ ಅವನದು. ನೋಜಿಕ್‌ನ ಹಕ್ಕುದಾರಿಕೆಯ ಸಿದ್ಧಾಂತ ಅಂದರೆ ಇಷ್ಟೇ. ಯಾರದೂ ಅಲ್ಲದ್ದನ್ನು ಮೊದಲು ನ್ಯಾಯವಾಗಿ ತನ್ನದು ಮಾಡಿಕೊಂಡಿರಬೇಕು. ಆಮೇಲೆ ಕೈ ಬದಲಾದದ್ದೆಲ್ಲ ಒಪ್ಪಿಗೆಯಿಂದ ಆಗಿರಬೇಕು, ಮಾರಾಟವೋ ದಾನವೋ ವಾರಸವೋ. ಈ ಎರಡರಲ್ಲಿ ಎಲ್ಲಾದರೂ ತಪ್ಪು ನಡೆದಿದ್ದರೆ ಅದನ್ನು ಸರಿಪಡಿಸಬೇಕು. ಹೀಗೆ ಬಂದದ್ದು ಎಷ್ಟೇ ಜಾಸ್ತಿ ಇದ್ದರೂ ನ್ಯಾಯದ್ದೇ, ಅದನ್ನು ಮುಟ್ಟುವ ಹಕ್ಕು ಸರ್ಕಾರಕ್ಕಿಲ್ಲ.

ಮೂರನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಚಹಾದಂಗಡಿಯಲ್ಲಿ ಮೊದಲಿನ ಎರಡು ಮಾತ್ರ ಕೇಳಿಬರುತ್ತವೆ.

ಈಗ ನಮ್ಮ ಮನೆಯ ಉತಾರವನ್ನೇ ಹಿಡಿಯುತ್ತೇನೆ. ಇವತ್ತು ಅದರಲ್ಲಿ ನಮ್ಮ ಅಣ್ಣನ ಹೆಸರಿದೆ, ವಾರಸಾದಿಂದ ಬಂದದ್ದು. ಅದಕ್ಕೂ ಹಿಂದೆ ಅಪ್ಪನ ಹೆಸರು. ಅಪ್ಪನಿಗೆ ಹೇಗೆ ಬಂತು? ಖರೀದಿ ಮಾಡಿ ಅಲ್ಲ. ಮುತ್ಯಾನ ಕಾಲದಿಂದಲೂ ಆ ಹೊಲವನ್ನು ನಮ್ಮವರು ಲಾವಣಿಗೆ, ಅಂದರೆ ಗೇಣಿಗೆ ಮಾಡುತ್ತಿದ್ದರು. ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ಆದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದವರು 7ನೇ ನಮೂನೆ ಕೊಟ್ಟು, ಭೂ ನ್ಯಾಯಮಂಡಳಿ ಎದುರು ನಿಂತು ಹಕ್ಕು ಪಡೆದರು. ಉಳುವವನೇ ಒಡೆಯ ಆದ. ನೋಜಿಕ್‌ನ ಪುಸ್ತಕ ಬಂದದ್ದೂ ಅದೇ ವರ್ಷ. ಒಂದು ಕಡೆ ಒಬ್ಬನಿಂದ ಕಿತ್ತು ಇನ್ನೊಬ್ಬನಿಗೆ ಕೊಡಬಾರದು ಅನ್ನುವ ಪುಸ್ತಕ ಅಚ್ಚಾಗುತ್ತಿತ್ತು, ಇನ್ನೊಂದು ಕಡೆ ನಮ್ಮ ಅಪ್ಪ ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ.

ಎರಡನೇ ನಿಯಮವನ್ನು ಮಾತ್ರ ಹಿಡಿದರೆ ನಮ್ಮ ಹೊಲ ನಮ್ಮದಲ್ಲ. ಒಡೆಯರ ಒಪ್ಪಿಗೆಯಿಂದ ಬಂದದ್ದಲ್ಲ ಅದು, ಕಾಯ್ದೆಯ ಬಲದಿಂದ ಬಂದದ್ದು. ಸರಿ, ಒಪ್ಪೋಣ. ಆದರೆ ನೋಜಿಕ್ ಅಲ್ಲಿಗೇ ನಿಲ್ಲಲು ಬಿಡುವುದಿಲ್ಲ, ಹಿಂದಿನ ಕೊಂಡಿಯನ್ನೂ ನೋಡು ಅನ್ನುತ್ತಾನೆ. ಹೊಲದ ಒಡೆಯರಾಗಿದ್ದ ವಾಡೆಯವರಿಗೆ ಅದು ಹೇಗೆ ಬಂತು? ನಮ್ಮ ಭಾಗದಲ್ಲಿ ದೊಡ್ಡ ಹಿಡುವಳಿಗಳ ಕಥೆ ಬಹಳ ಸಲ ವತನಕ್ಕೋ ಇನಾಮಿಗೋ ಹೋಗಿ ಮುಟ್ಟುತ್ತದೆ. ಕಂದಾಯ ವಸೂಲಿ ಮಾಡಿಕೊಟ್ಟದ್ದಕ್ಕೆ, ದಂಡಿಗೆ ಜನ ಕೊಟ್ಟದ್ದಕ್ಕೆ ಆಳುವವರು ಕೊಟ್ಟ ಭೂಮಿ ಅದು. ಆಳುವವರು ಆದಿಲ್‌ಶಾಹಿಯೋ, ಪೇಶ್ವೆಯೋ, ಆಮೇಲೆ ಕಂಪನಿ ಸರ್ಕಾರವೋ. ಕೊಟ್ಟವರಿಗೆ ಆ ಭೂಮಿ ಹೇಗೆ ಬಂದಿತ್ತು? ಕತ್ತಿಯಿಂದ. ಅದಕ್ಕೂ ಹಿಂದೆ ಅದೇ ಮಣ್ಣು ಉಳುತ್ತಿದ್ದವರನ್ನು ಯಾರೂ ಕೇಳಿರಲಿಲ್ಲ.

ಎಲ್ಲಕ್ಕಿಂತ ಹಿಂದಿನ ಕೊಂಡಿ ಇನ್ನೂ ಕಷ್ಟದ್ದು. ಯಾರದೂ ಅಲ್ಲದ ನೆಲ ಒಬ್ಬನದು ಹೇಗಾಗುತ್ತದೆ? 17ನೇ ಶತಮಾನದ ಜಾನ್ ಲಾಕ್ ಕೊಟ್ಟ ಉತ್ತರ ದುಡಿಮೆ. ನನ್ನ ಬೆವರನ್ನು ನೆಲಕ್ಕೆ ಬೆರೆಸಿದೆ, ಅದಕ್ಕೇ ನೆಲ ನನ್ನದು. ಇದನ್ನು ನೋಜಿಕ್ ತಾನೇ ಗೇಲಿ ಮಾಡಿದ. ನನ್ನ ಟೊಮೆಟೊ ರಸದ ಡಬ್ಬಿಯನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಗುತ್ತದೋ, ಇಲ್ಲ ಸುಮ್ನೆ ರಸ ಹಾಳು ಮಾಡಿಕೊಂಡೆನೋ? ಕೊನೆಗೆ ಅವನು ಇಟ್ಟ ಷರತ್ತು ಇದು: ನೀನು ನಿನ್ನದು ಮಾಡಿಕೊಂಡದ್ದರಿಂದ ಬೇರೆಯವರ ಸ್ಥಿತಿ ಮೊದಲಿಗಿಂತ ಕೆಡಬಾರದು. ಮರುಭೂಮಿಯಲ್ಲಿ ಇರುವುದೊಂದೇ ನೀರಿನ ಸೆಲೆ ಅಂದರೆ ಅದಕ್ಕೆ ಬೇಲಿ ಹಾಕಿ ಮನಸ್ಸಿಗೆ ಬಂದ ರೇಟು ಹೇಳುವಂತಿಲ್ಲ. ವಿಜಯಪುರ ಕಡೆ ಪಕ್ಕದ ಹೊಲದವನು ಆಳದ ಬೋರು ಕೊರೆಸಿದ ಮೇಲೆ ತಮ್ಮ ಬಾವಿ ಬತ್ತಿದವರಿಗೆ ಈ ಷರತ್ತಿನ ತೂಕ ಬೇಗ ಗೊತ್ತಾಗುತ್ತದೆ.

ಹಾಗಾದರೆ 1974ರ ತಿದ್ದುಪಡಿ ಕಸಿದುಕೊಂಡದ್ದೋ, ಹಳೆಯ ತಪ್ಪು ಸರಿಪಡಿಸಿದ್ದೋ? ಇವನ ಸಿದ್ಧಾಂತದ ಪ್ರಕಾರ ಉತ್ತರ ಬರಬೇಕಾದದ್ದು ಇತಿಹಾಸದಿಂದ, ಬಡತನದಿಂದ ಅಲ್ಲ. ನಮ್ಮ ಮನೆಯವರು ಬಡವರು ಅನ್ನುವ ಕಾರಣಕ್ಕೆ ಹೊಲ ಕೊಟ್ಟದ್ದಾದರೆ ಅದು ಅನ್ಯಾಯ. ತಲೆಮಾರುಗಟ್ಟಲೆ ಕೂಲಿ ಇಲ್ಲದೆ ಬಿಟ್ಟಿ ದುಡಿಸಿಕೊಂಡದ್ದರ ಬಾಕಿ ಅಂತ ಕೊಟ್ಟದ್ದಾದರೆ ಅದು ನ್ಯಾಯ. ಹೊಲ ಒಂದೇ, ಫಲಾನುಭವಿಯೂ ಒಬ್ಬನೇ. ತೀರ್ಪು ಮಾತ್ರ ಕಾರಣದ ಮೇಲೆ ಹೋಗುತ್ತದೆ.

ಇದೇ ಸೂಕ್ಷ್ಮ ಇವತ್ತಿನ ಆಲಮಟ್ಟಿ ವಿಷಯದಲ್ಲೂ ಕಾಣುತ್ತದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದರೆ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಇನ್ನಷ್ಟು ಜಮೀನು ಮುಳುಗುತ್ತದೆ. ಅಂಥ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಆ ದುಡ್ಡು ಬರುವುದು ಸರ್ಕಾರದ ಬೊಕ್ಕಸದಿಂದ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯೂ ಬೊಕ್ಕಸದ್ದೇ. ಒಂದನ್ನು ಪರಿಹಾರ ಅನ್ನುತ್ತೇವೆ, ಇನ್ನೊಂದನ್ನು ಬಿಟ್ಟಿ ಅನ್ನುತ್ತೇವೆ. ನೋಜಿಕ್ ಕೂಡ ಹಾಗೇ ಬೇರೆ ಮಾಡುತ್ತಾನೆ. ಬೀಳಗಿ ಕಡೆಯ ಒಬ್ಬ ರೈತನ ಎರಡೆಕರೆ ಕಬ್ಬಿನ ಹೊಲ ಮುಳುಗಿ 80 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಅವನು ಶ್ರೀಮಂತನೇ ಆಗಿರಲಿ, ಅದು ದಾನವಲ್ಲ, ಅವನಿಂದ ತಗೊಂಡದ್ದಕ್ಕೆ ಕೊಟ್ಟದ್ದು. ಅಷ್ಟೇ ಅಲ್ಲ, ಒಲ್ಲೆ ಅಂದವನ ಹೊಲವನ್ನು ಬಲವಂತದಿಂದ ತಗೊಂಡದ್ದೇ ಮೊದಲ ತಪ್ಪು ಅಂತಲೂ ಈ ಸಿದ್ಧಾಂತ ಹೇಳುತ್ತದೆ. ತೆರಿಗೆ ವಿಷಯದಲ್ಲಿ ನೋಜಿಕ್‌ನ ಜೊತೆ ನಿಲ್ಲುವ ನಮ್ಮ ಗೆಳೆಯರು ಕಾಲುವೆ ವಿಷಯಕ್ಕೆ ಬಂದಾಗ ಅವನನ್ನು ಬಸ್ಸಿನಿಂದ ಇಳಿಸಿಬಿಡುತ್ತಾರೆ. ಇರಲಿ.

ಅದೇ ಹೊಲದಲ್ಲಿ ಹತ್ತು ವರ್ಷ ಕಬ್ಬು ಕಡಿದ ಕೂಲಿ ಹೆಣ್ಣುಮಗಳ ಹೆಸರು ಉತಾರದಲ್ಲಿ ಇಲ್ಲ. ಅವಳ ಕೆಲಸವೂ ಮುಳುಗುತ್ತದೆ, ಆದರೆ ಎಕರೆ ಲೆಕ್ಕದ 40 ಲಕ್ಷದಲ್ಲಿ ಅವಳು ಬರುವುದಿಲ್ಲ. ನೋಜಿಕ್‌ನ ಲೆಕ್ಕದಲ್ಲೂ ಬರುವುದಿಲ್ಲ, ಯಾಕಂದರೆ ಯಾರೂ ಅವಳದ್ದು ಅಂತ ಏನನ್ನೂ ಕಸಿದಿಲ್ಲ. ಅವಳ ಕೈಗೆ ಸೇರುವುದು ಆ 2,000 ಮಾತ್ರ, ಬೇಕಾದರೆ ಬಿಟ್ಟಿ ಅನ್ನಿ. ಅವಳ ಅಜ್ಜ-ಮುತ್ತಜ್ಜರಿಗೆ ಯಾಕೆ ಹೊಲ ಇರಲಿಲ್ಲ, ಯಾವ ಜಾತಿಯವರು ಹೊಲ ಇಟ್ಟುಕೊಳ್ಳಬಹುದಿತ್ತು, ಯಾರು ಊರಾಚೆ ಇರಬೇಕಿತ್ತು ಅಂತ ಹಿಂದೆ ಹೋದರೆ ಮಾತ್ರ ಅವಳು ಲೆಕ್ಕಕ್ಕೆ ಬರುತ್ತಾಳೆ. ಅದು ಮೂರನೇ ನಿಯಮ.

ನೋಜಿಕ್ ಆ ಮೂರನೇ ನಿಯಮವನ್ನು ಬೆಳೆಸಲೇ ಇಲ್ಲ. ಎಷ್ಟು ಹಿಂದೆ ಹೋಗಬೇಕು, ಸತ್ತವರಿಗೆ ಆದದ್ದಕ್ಕೆ ಬದುಕಿರುವ ಯಾರು ಯಾರಿಗೆ ಕೊಡಬೇಕು, ದಾಖಲೆ ಇಲ್ಲದಾಗ ಏನು ಮಾಡಬೇಕು, ಇವಕ್ಕೆ ಪೂರ್ತಿ ಉತ್ತರ ತನಗೆ ತಿಳಿದಿಲ್ಲ ಅಂತ ಒಪ್ಪಿಕೊಂಡ. ಆಮೇಲೆ ಅವನು ಹೇಳಿದ ಮಾತನ್ನು ಅವನ ಅಭಿಮಾನಿಗಳು ಅಷ್ಟಾಗಿ ಎತ್ತುವುದಿಲ್ಲ. ಹಿಂದಿನ ಅನ್ಯಾಯ ತುಂಬಾ ದೊಡ್ಡದಿದ್ದರೆ ಅದನ್ನು ಸರಿಪಡಿಸಲು ಸ್ವಲ್ಪ ಕಾಲದ ಮಟ್ಟಿಗಾದರೂ ಕಾವಲುಗಾರನಿಗಿಂತ ದೊಡ್ಡ ಸರ್ಕಾರ ಬೇಕಾಗಬಹುದು. ಕೊಂಡಿ ಕೊಂಡಿ ಹುಡುಕಲು ಆಗದಿದ್ದಾಗ ಕೆಳಗಿರುವವರಿಗೆ ಜಾಸ್ತಿ ಸಿಗುವಂಥ ಒಂದು ಒರಟು ಸೂತ್ರವೇ ಹತ್ತಿರದ ದಾರಿ ಆಗಬಹುದು ಅಂತಲೂ ಬರೆದ. ಅಂದರೆ ಹೊರಗಿನಿಂದ ನೋಡಿದರೆ ಅದು ರಾಲ್ಸ್ ಹೇಳಿದ್ದಕ್ಕೆ ಹತ್ತಿರವೇ ಕಾಣುತ್ತದೆ. ಮುಂದೆ 1989ರಲ್ಲಿ, ತಾನು ಒಮ್ಮೆ ಮಂಡಿಸಿದ ನಿಲುವಿನಲ್ಲಿ ದೊಡ್ಡ ಕೊರತೆ ಇದೆ ಅಂತಲೂ ಬರೆದ. ಬರೆದವನು ಹಿಂದೆ ಸರಿದ ಅಂದಮಾತ್ರಕ್ಕೆ ವಾದ ಬಿದ್ದುಹೋಗುವುದಿಲ್ಲ, ಅದು ಬೇರೆ ಮಾತು.

ಕುಸ್ತಿ ಕಣದ ವಾದ ಗೆಲ್ಲುವುದು ಮೊದಲ 500 ರೂಪಾಯಿ ನ್ಯಾಯದ್ದು ಅಂತ ನಾವು ಒಪ್ಪಿ ಶುರು ಮಾಡಿದ್ದರಿಂದ. ಅಲ್ಲೂ ಜಿ.ಎ. ಕೋಹೆನ್ ಅನ್ನುವ ಇನ್ನೊಬ್ಬ ತತ್ವಶಾಸ್ತ್ರಜ್ಞ ಒಂದು ತಕರಾರು ಎತ್ತಿದ. ಜನ 20 ರೂಪಾಯಿ ಕೊಟ್ಟದ್ದು ಕುಸ್ತಿ ನೋಡಲು. ಅದೇ ದುಡ್ಡು ಕೂಡಿಕೊಂಡು ನಾಳೆ ಪೈಲ್ವಾನನಿಗೆ ಊರಿನ ಮೇಲೆ ಹಿಡಿತ ಕೊಟ್ಟರೆ, ಅದಕ್ಕೂ ಅವರು ಒಪ್ಪಿದ್ದರು ಅನ್ನಲಾಗದು. ಆ ದಿನ ಮನೆಯಲ್ಲಿ ಮಲಗಿದ್ದವನ ಮಕ್ಕಳಂತೂ ಒಪ್ಪಿಲ್ಲ. ನನಗೆ ಮಾತ್ರ ಶುರುವಿನ ಆ 500ರ ಪ್ರಶ್ನೆಯೇ ದೊಡ್ಡದು. ನಮ್ಮ ಯಾವ ಊರಿನಲ್ಲೂ ಜಾತ್ರೆಯ ಹಿಂದಿನ ದಿನ ಎಲ್ಲರ ಕಿಸೆಯಲ್ಲಿ 500 ಇರಲಿಲ್ಲ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಆದಾಯ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ, ಅದರಲ್ಲಿ ಪಾಲು ರಾಜ್ಯಗಳಿಗೆ ಬರುತ್ತದೆ, ಸೆಸ್ಸಿನಲ್ಲಿ ಪಾಲು ಬರುವುದಿಲ್ಲ, ಗೃಹಲಕ್ಷ್ಮಿಯ ಹೆಣ್ಣುಮಗಳೂ ಚಹಾಪುಡಿಗೆ ಜಿಎಸ್‌ಟಿ ಕಟ್ಟುತ್ತಾಳೆ ಅಂತಲೂ ಹೇಳಿದೆ. ಅವನು ಅವಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಸಿಕ್ಕಿಕೊಂಡದ್ದು ಮೂರನೇ ನಿಯಮ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಮುತ್ಯಾನ ಅಪ್ಪ ವಾಡೇದಾಗ ಬಿಟ್ಟಿ ದುಡದಾನ. ಅಂದ ಮ್ಯಾಲ ಬಾಕಿ ನಮಗ ಬರಬೇಕಲ್ರಿ ಕಾಕಾ? ನಾನ್ಯಾಕ ಕೊಡಬೇಕು?"

"ಬಂದೈತಲ್ಲೋ, ಹೊಲದ ರೂಪದಾಗ," ಅಂದೆ. "ಆ ಹೊಲದ ಮ್ಯಾಲ ನಿನ್ನ ಕಾಲೇಜ ಫೀ ತುಂಬೇವಿ."

"ಹಂಗಾದ್ರ ನಮ್ಮ ಹೊಲದಾಗ ಕೂಲಿ ಮಾಡಿದವ್ರಿಗೆ?"

ಒಳಗಿನಿಂದ ಅವ್ವ ಒಂದೆರಡು ಹೆಸರು ಹೇಳಿದಳು, ಯಾರು ಎಷ್ಟು ವರ್ಷ ಬಂದಿದ್ದರು ಅಂತ. ಅವನು ಫೋನಿನ ಕ್ಯಾಲ್ಕುಲೇಟರ್ ತೆಗೆದ. 36 ದಿನದಲ್ಲಿ ಎಷ್ಟು ದಿನ ಬಾಕಿ, ಎಷ್ಟು ದಿನ ಬಿಟ್ಟಿ ಅಂತ ಲೆಕ್ಕ ಹಾಕಲು ಕೂತವನು ಎರಡನೇ ಹೆಸರಿಗೇ ನಿಂತ. ಅವರಿಗೆ ಆಗ ಕೂಲಿ ಎಷ್ಟು ಕೊಡುತ್ತಿದ್ದೆವು ಅಂತ ಅವ್ವನಿಗೂ ನೆನಪಿರಲಿಲ್ಲ.